ಹದಿನೈದು ಸಾವಿರ ನುಂಗಿದ ಒಂದು ಸಾಲು

2025ರ ಮಾರ್ಚ್‌ನಲ್ಲಿ ಕುವೆಂಪುನಗರದ ಒಂದು ಫ್ಲ್ಯಾಟ್ ಖಾಲಿ ಮಾಡಿದ ಹೆಣ್ಣುಮಗಳೊಬ್ಬರು ನನ್ನ ಕಚೇರಿಗೆ ಬಂದರು. ಶಾಲೆಯಲ್ಲಿ ಪಾಠ ಹೇಳುವವರು, ಕಾಗದಪತ್ರ ಜೋಪಾನವಾಗಿಡುವ ಸ್ವಭಾವ. ಕೊಟ್ಟಿದ್ದ ಅಡ್ವಾನ್ಸ್ ಒಂದು ಲಕ್ಷ, ಕೈಗೆ ಬಂದದ್ದು 46,000. ಉಳಿದ 54,000ಕ್ಕೆ ಓನರ್ ಒಂದು ಚೀಟಿ ಬರೆದುಕೊಟ್ಟಿದ್ದರು: ಸುಣ್ಣ ಬಣ್ಣಕ್ಕೆ 15,000, ಗೋಡೆಯ ತೇವಕ್ಕೆ 10,000, ಅಡುಗೆಮನೆ ಚಿಮಣಿಗೆ 9,000, ಗೀಸರ್‌ಗೆ 8,500, ಬಚ್ಚಲುಮನೆ ಬಾಗಿಲಿಗೆ 6,000, ಕ್ಲೀನಿಂಗ್‌ಗೆ 5,500.

'ಮನೆಗೆ ಬಂದ ದಿನವೇ ಪಟ್ಟಿ ಮಾಡಿಸಿದ್ದೆ ಸಾರ್' ಎಂದು ಅವರು ಫೈಲು ಬಿಚ್ಚಿದರು. ನನಗೆ ಖುಷಿಯಾಯಿತು, ಏಕೆಂದರೆ ನೂರಕ್ಕೊಬ್ಬರೂ ಮಾಡಿಸುವುದಿಲ್ಲ. 2022ರ ಜೂನ್ 1ರ ಪಟ್ಟಿ, ಓನರ್ ಸಹಿಯೂ ಇದೆ. 'ಬಚ್ಚಲು ಬಾಗಿಲಿನ ತಳ ನೀರು ಕುಡಿದು ಉಬ್ಬಿದೆ, ಚಿಮಣಿಯ ಮೋಟಾರು ಸದ್ದು ಮಾಡುತ್ತದೆ' ಎಂದು ಚೆನ್ನಾಗಿ ಬರೆದಿದೆ. ಆದರೂ ಆ ಬಾಗಿಲು ಮತ್ತು ಚಿಮಣಿಯ 15,000 ಅವರಿಗೆ ವಾಪಸ್ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದನ್ನು ಹೇಳುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ನಮ್ಮಲ್ಲಿ ಬಾಡಿಗೆ ಕರಾರು ಹನ್ನೊಂದು ತಿಂಗಳಿನದು. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು ಎಂಬ ನಿಯಮದಿಂದ ತಪ್ಪಿಸಿಕೊಳ್ಳಲು ಕಂಡುಕೊಂಡ ದಾರಿ ಅದು. ಅವಧಿ ಮುಗಿದಾಗ ಕೋರ್ಟಿನ ಆಸುಪಾಸಿನ ಟೈಪಿಸ್ಟ್ ಹಳೆಯ ಕರಾರಿನ ದಿನಾಂಕ ಬದಲಿಸಿ, ಬಾಡಿಗೆ ಏರಿಸಿ, ಹೊಸ ಇ-ಸ್ಟಾಂಪ್ ಪೇಪರಿನ ಮೇಲೆ ಮುದ್ರಿಸಿ ಕೊಡುತ್ತಾನೆ. ಅದರೊಳಗೆ ಒಂದು ಸಾಲು ಇದ್ದೇ ಇರುತ್ತದೆ: 'ಬಾಡಿಗೆದಾರರು ಈ ದಿನ ಸದರಿ ಮನೆಯನ್ನೂ ಅದರ ಎಲ್ಲ ಫಿಟಿಂಗ್‌ಗಳನ್ನೂ ಸುಸ್ಥಿತಿಯಲ್ಲಿ ಪಡೆದಿರುತ್ತಾರೆ.' ಆ ಟೈಪಿಸ್ಟ್ ಮನೆಯ ಬಾಗಿಲನ್ನೂ ನೋಡಿಲ್ಲ, ಚಿಮಣಿಯನ್ನೂ ನೋಡಿಲ್ಲ. ಬ್ರೋಕರ್ 'ಎಲ್ಲ ಮಾಮೂಲಿ ಸಾರ್, ಸೈನ್ ಹಾಕಿ' ಎನ್ನುತ್ತಾನೆ. ನಾವು ಹಾಕುತ್ತೇವೆ.

ಈಕೆ ಮೂರು ಸಲ ಹಾಕಿದ್ದರು: 2022ರ ಜೂನ್‌ನಲ್ಲಿ, 2023ರ ಮೇನಲ್ಲಿ, 2024ರ ಏಪ್ರಿಲ್‌ನಲ್ಲಿ. ಪಟ್ಟಿ ಅಂಟಿಕೊಂಡಿದ್ದುದು ಮೊದಲನೆಯ ಕರಾರಿಗೆ ಮಾತ್ರ. ಮೂರನೆಯದರ ಪ್ರಕಾರ 2024ರ ಏಪ್ರಿಲ್ 1ರಂದು ಬಾಗಿಲೂ ಚಿಮಣಿಯೂ ಸುಸ್ಥಿತಿಯಲ್ಲಿದ್ದವು, ಹಾಗೆಂದು ಅವರೇ ಒಪ್ಪಿ ಸಹಿ ಮಾಡಿದ್ದಾರೆ. ಓನರ್ ಕಡೆಯ ವಕೀಲರು ಆ ಹಾಳೆಯನ್ನು ಮುಂದಿಟ್ಟು ಸುಮ್ಮನೆ ಕೂತರು. ಬರಹದಲ್ಲಿ ಒಪ್ಪಿಕೊಂಡದ್ದನ್ನು ಬಾಯಿಮಾತಿನಿಂದ ಅಳಿಸುವುದು ಕಷ್ಟ. ಅಸಾಧ್ಯವೆಂದಲ್ಲ, ಆದರೆ ಸಾಲು ಸುಳ್ಳು ಎಂದು ತೋರಿಸುವ ಹೊರೆ ನಿಮ್ಮ ತಲೆಯ ಮೇಲೆ ಬೀಳುತ್ತದೆ. ಹದಿನೈದು ಸಾವಿರಕ್ಕಾಗಿ ವರ್ಷಗಟ್ಟಲೆ ಆ ಹೊರೆ ಹೊರುವವರು ಯಾರು?

ಆದ್ದರಿಂದ ಕರಾರು ನವೀಕರಿಸುವಾಗಲೆಲ್ಲ ಆ ಸಾಲನ್ನು ಹೊಡೆದುಹಾಕಿಸಿ, ಈ ಸಾಲು ಬರೆಸಿ: 'ಮನೆಯ ಸ್ಥಿತಿ 1-6-2022ರ ಪಟ್ಟಿಯಲ್ಲಿ ಇರುವಂತೆ, ಸದರಿ ಪಟ್ಟಿ ಈ ಕರಾರಿನ ಭಾಗವಾಗಿರುತ್ತದೆ.' ಟೈಪಿಸ್ಟ್ ಮುಖ ಸಿಂಡರಿಸಿದರೆ ಸಿಂಡರಿಸಲಿ. ಮತ್ತೆ ಟೈಪ್ ಮಾಡಲು ಒಪ್ಪದಿದ್ದರೆ ಪೆನ್ನಿನಲ್ಲೇ ತಿದ್ದಿ, ತಿದ್ದಿದ ಕಡೆ ಇಬ್ಬರೂ ಚಿಕ್ಕ ಸಹಿ ಹಾಕಿ.

ಇನ್ನು ಪಟ್ಟಿ ಮಾಡುವ ರೀತಿ. ಕೀ ಕೈಗೆ ಬಂದ ದಿನ, ಸಾಮಾನಿನ ಲಾರಿ ಬರುವ ಮೊದಲು ಮಾಡಬೇಕು. ಬೀರು ಬಂದು ನಿಂತ ಮೇಲೆ ಅದರ ಹಿಂದಿನ ಗೋಡೆ ಯಾರಿಗೂ ಕಾಣುವುದಿಲ್ಲ. ಮುಂಬಾಗಿಲಿನಿಂದ ಹೊರಟು ಪ್ರತಿ ಕೋಣೆಯನ್ನೂ ಎಡಗಡೆಯಿಂದ ಸುತ್ತುತ್ತ ಬನ್ನಿ. 'ಚೆನ್ನಾಗಿದೆ', 'ಪರವಾಗಿಲ್ಲ' ಎಂದು ಬರೆಯಬೇಡಿ. ಕಂಡದ್ದನ್ನು, ಎಣಿಸಿದ್ದನ್ನು ಬರೆಯಿರಿ: 'ಹಾಲ್, ಕಿಟಕಿ ಪಕ್ಕದ ಗೋಡೆಯಲ್ಲಿ ಐದು ಮೊಳೆ ತೂತು, ಬಾಲ್ಕನಿ ಬಾಗಿಲಿನ ಮೇಲಿನ ಚಿಲಕ ಇಲ್ಲ, ಸೊಳ್ಳೆ ಪರದೆ ಒಂದು ಮೂಲೆಯಲ್ಲಿ ಹರಿದಿದೆ.'

ನೋಡಿದರೆ ಸಾಲದು, ನಡೆಸಿಯೂ ನೋಡಬೇಕು. ಮೊಬೈಲ್ ಚಾರ್ಜರ್ ಹಿಡಿದು ಒಂದೊಂದೇ ಪ್ಲಗ್ಗಿಗೆ ಹಾಕಿ. ಗೀಸರನ್ನು ಕಾಲು ಗಂಟೆ ಬಿಟ್ಟು ನೀರು ಬಿಸಿಯಾಯಿತೇ ಎಂದು ಮುಟ್ಟಿ ನೋಡಿ, ಅದರ ಮೈಮೇಲಿನ ತಯಾರಿಕೆ ವರ್ಷದ ಸ್ಟಿಕ್ಕರಿನ ಫೋಟೋ ತೆಗೆಯಿರಿ. ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಕಾಯಿರಿ. ಊರ ಹೊರಗಿನ ಬಡಾವಣೆಗಳಲ್ಲಿ ಬೋರ್‌ವೆಲ್ ನೀರಾದರೆ ನಲ್ಲಿ, ಷವರ್, ಟೈಲ್ಸ್ ಮೇಲೆ ಬಿಳಿ ಪೊರೆ ಕಟ್ಟಿರುತ್ತದೆ. ಅದನ್ನೂ ಬರೆಯಿರಿ, ಹೋಗುವಾಗ ಅದೇ 'ಕ್ಲೀನಿಂಗ್ ಚಾರ್ಜ್' ಆಗಿ ಬರುತ್ತದೆ. ಕೊನೆಗೆ ಕರೆಂಟ್ ಮೀಟರಿನ ರೀಡಿಂಗ್ ಮತ್ತು ಆರ್.ಆರ್. ನಂಬರ್ ಎರಡೂ ಕಾಣುವಂತೆ ಒಂದು ಫೋಟೋ. ಇಲ್ಲದಿದ್ದರೆ ಹಿಂದಿನವರ ಸೆಸ್ಕ್ ಬಾಕಿ ನಿಮ್ಮ ಲೆಕ್ಕಕ್ಕೆ ಬಂದೀತು.

ಎಲ್ಲ ಪರೀಕ್ಷಿಸಿದರೂ ಒಂದು ತಪ್ಪಿಸಿಕೊಳ್ಳುತ್ತದೆ: ತೇವ. ಬೇಸಿಗೆಯಲ್ಲಿ ಹೊಸದಾಗಿ ಬಣ್ಣ ಬಳಿದ ಗೋಡೆ ಮಳೆ ಬರುವವರೆಗೂ ಬಾಯಿ ಬಿಡುವುದಿಲ್ಲ. ಹಾಗಾಗಿ ಪಟ್ಟಿಯ ಕೊನೆಗೆ 'ಮೊದಲ ಮಳೆಗಾಲದಲ್ಲಿ ಕಂಡುಬರುವ ಸೋರಿಕೆಯನ್ನು ಈ ಪಟ್ಟಿಗೆ ಸೇರಿಸತಕ್ಕದ್ದು' ಎಂದು ಬರೆದುಕೊಳ್ಳಿ. ಓನರ್ ಒಪ್ಪದಿದ್ದರೂ, ತೇವ ಕಂಡ ದಿನವೇ ಫೋಟೋ ಕಳಿಸಿ. ನಮ್ಮ ಮೇಷ್ಟರಮ್ಮನನ್ನು ಕಾಪಾಡಿದ್ದು ಇದೇ. 2023ರ ಜುಲೈನಲ್ಲಿ ಮೇಲಿನ ಮನೆಯ ಬಚ್ಚಲಿನಿಂದ ನೀರು ಜಿನುಗುತ್ತಿದೆ ಎಂದು ಅವರು ವಾಟ್ಸಾಪ್ ಮಾಡಿದ್ದರು, ಓನರ್ 'ಪ್ಲಂಬರ್ ಕಳಿಸ್ತೀನಿ' ಎಂದು ಉತ್ತರಿಸಿದ್ದರು. ಪ್ಲಂಬರ್ ಬರಲಿಲ್ಲ. ಆದರೆ ಆ ಉತ್ತರ 10,000 ಉಳಿಸಿತು.

ಪಟ್ಟಿಗೆ ಎರಡು ಪ್ರತಿ, ಪ್ರತಿ ಹಾಳೆಗೂ ಇಬ್ಬರ ಸಹಿ. ಇಲ್ಲಿ ಬ್ರೋಕರ್ ಮೂಗು ತೂರಿಸುತ್ತಾನೆ: 'ನಾನೇ ಸೈನ್ ಹಾಕ್ತೀನಿ, ಓನರ್ ನಮ್ಮೋರೇ.' ಅವನ ಸಹಿಗೆ ಮೂರು ಕಾಸಿನ ಬೆಲೆಯಿಲ್ಲ, ಓನರ್ ಅವನಿಗೆ ಬರಹದಲ್ಲಿ ಅಧಿಕಾರ ಕೊಟ್ಟಿದ್ದರೆ ಮಾತ್ರ ಬೇರೆ. ಓನರ್ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದರೆ ಪಟ್ಟಿ, ಫೋಟೋ, ವಿಡಿಯೋ ಎಲ್ಲವನ್ನೂ ಅದೇ ದಿನ ಅವರಿಗೇ ಕಳಿಸಿ, 'ಸರಿ' ಎಂಬ ಉತ್ತರ ಕೇಳಿ ಪಡೆಯಿರಿ. ನೀಲಿ ಗೆರೆ ಬಿದ್ದರೆ ನೋಡಿದ್ದಾರೆ ಎಂದಷ್ಟೇ ಅರ್ಥ, ಒಪ್ಪಿದ್ದಾರೆ ಎಂದಲ್ಲ. ಮೂಲ ಫೋಟೋಗಳಿರುವ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಬೇಡಿ. ಪ್ರಕರಣ ಕೋರ್ಟಿಗೆ ಹೋದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಫೋಟೋಗಳ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಆಗ ಮೂಲ ಫೋನ್ ಇಲ್ಲದಿದ್ದರೆ ಪೇಚಾಟ.

ಮನೆ ಬಿಡುವಾಗ ಕಾನೂನು ನಿಮ್ಮಿಂದ ಕೇಳುವುದು ಬಹಳವೇನಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಪಡೆದ ಸ್ಥಿತಿಯಲ್ಲೇ ಮನೆ ಹಿಂದಿರುಗಿಸಬೇಕು, ಸಹಜ ಸವೆತ ಬಿಟ್ಟು. ಮೂರು ವರ್ಷಕ್ಕೆ ಬಣ್ಣ ಮಾಸುವುದು, ನಲ್ಲಿಯ ವಾಷರ್ ಸವೆಯುವುದು ಸಹಜ ಸವೆತ. ಬೇಸಿನ್ ಒಡೆದದ್ದು ಅಲ್ಲ. ಹಾಳಾದದ್ದು ನಿಮ್ಮಿಂದಲೇ ಆದರೂ ಹಳೆಯ ವಸ್ತುವಿಗೆ ಹೊಸದರ ಬೆಲೆ ಕೇಳುವುದು ನ್ಯಾಯವಲ್ಲ. ಈ ಪ್ರಕರಣದ ಗೀಸರಿನ ಸ್ಟಿಕ್ಕರ್ 2014 ಎನ್ನುತ್ತಿತ್ತು. ಹತ್ತು ವರ್ಷ ದುಡಿದ ಗೀಸರಿಗೆ 8,500 ಕೇಳಿದವರು ಸ್ಟಿಕ್ಕರಿನ ಫೋಟೋ ನೋಡಿ ಮಾತು ನಿಲ್ಲಿಸಿದರು.

ಸುಣ್ಣ ಬಣ್ಣದ ಮಾತು ಬೇರೆ. ಸಹಜ ಸವೆತವೇ ಆದರೂ 'ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಹಿಡಿಯತಕ್ಕದ್ದು' ಎಂಬ ಷರತ್ತಿಗೆ ನೀವು ಸಹಿ ಹಾಕಿದ್ದರೆ ಆ ಹಣ ಹೋಯಿತೆಂದೇ ತಿಳಿಯಿರಿ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ಸುಣ್ಣ ಬಣ್ಣವನ್ನು ಓನರ್ ಪಾಲಿಗೆ ಹಾಕಿದೆ, ಅಡ್ವಾನ್ಸನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸಿದೆ. ಆದರೆ ಅದು ಬರೀ ಮಾದರಿ, ರಾಜ್ಯ ಕಾಯ್ದೆ ಮಾಡಿಕೊಳ್ಳದೆ ನಿಮ್ಮ ಕೈಗೆ ಆಯುಧವಾಗುವುದಿಲ್ಲ. ಒಂದನ್ನು ಮಾತ್ರ ಗಟ್ಟಿಯಾಗಿ ಕೇಳಿ: ಇಡೀ ಮನೆಯ ಬಣ್ಣಕ್ಕೆ ಹಣ ಹಿಡಿದ ಮೇಲೆ ಮೊಳೆ ತೂತು, ಗೋಡೆಯ ಕಲೆ ಎಂದು ಮತ್ತೆ ಹಿಡಿಯುವುದು ಹೇಗೆ?

ಖಾಲಿ ಮಾಡುವ ವಾರದ ಮುಂಚೆ ಅದೇ ಹಳೆಯ ಪಟ್ಟಿ ಹಿಡಿದು ಓನರ್ ಜೊತೆ ಒಂದು ಸುತ್ತು ಹಾಕಿ. ಸಣ್ಣಪುಟ್ಟ ರಿಪೇರಿಯನ್ನು ನೀವೇ ಮಾಡಿಸಿ, ರಸೀದಿ ಇಟ್ಟುಕೊಳ್ಳಿ, ಅವರು ಮಾಡಿಸಿದರೆ ದುಪ್ಪಟ್ಟಾಗುತ್ತದೆ. ಸಾಮಾನು ಸಾಗಿಸಿದ ಮೇಲೆ ಖಾಲಿ ಮನೆಯ ವಿಡಿಯೋ, ಮೀಟರಿನ ಫೋಟೋ. ಕೀ ಕೊಟ್ಟದ್ದಕ್ಕೆ ದಿನಾಂಕ ಹಾಕಿದ ಸಹಿ ಪಡೆಯಿರಿ. 'ದುಡ್ಡು ಕೊಡುವವರೆಗೂ ಕೀ ಕೊಡಬೇಡ' ಎಂಬ ಬುದ್ಧಿವಾದ ಬರುತ್ತದೆ, ಹುಷಾರು: ಕೀ ನಿಮ್ಮ ಬಳಿ ಇರುವಷ್ಟು ದಿನ ಬಾಡಿಗೆ ಕೇಳಲು ಅವರಿಗೆ ನೆಪ ಸಿಗುತ್ತದೆ. ಕೊನೆಯ ತಿಂಗಳುಗಳ ಬಾಡಿಗೆ ನಿಲ್ಲಿಸಿ 'ಅಡ್ವಾನ್ಸಲ್ಲಿ ಮುರ್ಕೊಳ್ಳಿ' ಎನ್ನುವುದೂ ಅಷ್ಟೇ, ಓನರ್ ಬರಹದಲ್ಲಿ ಒಪ್ಪದಿದ್ದರೆ ಕರಾರು ಮುರಿದವರು ನೀವಾಗುತ್ತೀರಿ.

ಆದರೂ ಹಣ ಕೊಡದಿದ್ದರೆ ಪೊಲೀಸ್ ಠಾಣೆಗೆ ಓಡಬೇಡಿ, 'ಸಿವಿಲ್ ಮ್ಯಾಟರ್' ಎಂದು ವಾಪಸ್ ಕಳಿಸುತ್ತಾರೆ. ಪ್ರತಿ ಕಡಿತಕ್ಕೂ ಬಿಲ್ ಕೇಳಿ, ಹದಿನೈದು ದಿನ ಗಡುವು ಕೊಟ್ಟು, ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಅಂಚೆಯಲ್ಲಿ ನೋಟಿಸ್ ಕಳಿಸಿ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಕೇಸು ಹೂಡುವ ಮೊದಲೇ ಅಲ್ಲಿ ಇಬ್ಬರನ್ನೂ ಕರೆಸಿ ರಾಜಿಗೆ ಕೂರಿಸುತ್ತಾರೆ, ಕೋರ್ಟ್ ಶುಲ್ಕವಿಲ್ಲ, ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ. ಸಹಾಯವಾಣಿ 15100. ಓನರ್ ಅಲ್ಲಿಗೆ ಬರಲೇಬೇಕೆಂಬ ಬಲವಂತ ಮಾತ್ರ ಇಲ್ಲ. ಬರದಿದ್ದರೆ ಹಣ ವಸೂಲಿಯ ದಾವೆಯೇ ದಾರಿ, ಅದಕ್ಕೆ ಮೂರು ವರ್ಷದ ಗಡುವಿದೆ. 'ಮುಂದಿನ ತಿಂಗಳು ಕೊಡ್ತೀನಿ' ಎಂಬ ಮಾತು ಕೇಳುತ್ತ ಆ ಗಡುವು ಕಳೆದುಕೊಂಡವರನ್ನೂ ನೋಡಿದ್ದೇನೆ.

ಮೇಷ್ಟರಮ್ಮನ ಲೆಕ್ಕ ರಾಜಿಯಲ್ಲಿ ಹೀಗೆ ಮುಗಿಯಿತು: ತೇವದ 10,000, ಗೀಸರಿನ 8,500, ಬಿಲ್ ತೋರಿಸಲಾಗದ ಕ್ಲೀನಿಂಗಿನ 5,500 ಸೇರಿ 24,000 ವಾಪಸ್ ಬಂತು. ಬಣ್ಣದ 15,000 ಒಪ್ಪಿ ಸಹಿ ಹಾಕಿದ್ದಕ್ಕೆ ಹೋಯಿತು. ಬಾಗಿಲು ಮತ್ತು ಚಿಮಣಿಯ 15,000 ಓದದೆ ಸಹಿ ಹಾಕಿದ್ದಕ್ಕೆ ಹೋಯಿತು. ಈಗ ಅವರು ಸರಸ್ವತಿಪುರಂನಲ್ಲಿದ್ದಾರೆ. ಹೊಸ ಕರಾರಿನ ಕರಡನ್ನು ನನಗೆ ಕಳಿಸಿದ್ದರು. 'ಸುಸ್ಥಿತಿಯಲ್ಲಿ' ಎಂಬ ಪದಕ್ಕೆ ಕೆಂಪು ಶಾಯಿಯಲ್ಲಿ ಆಗಲೇ ಗೆರೆ ಬಿದ್ದಿತ್ತು.