ಯಾವ ಊರಿನ ಸೇರು? — ಷೇರು ಸೂಚಕಗಳ ಹೋಲಿಕೆಯಲ್ಲಿ ಝಡ್-ಅಂಕ

ಧಾನ್ಯವನ್ನು ಸೇರಿನಿಂದ ಅಳೆಯುತ್ತಿದ್ದ ಕಾಲದಲ್ಲಿ ಎರಡು ಊರುಗಳ ಧಾರಣೆಯನ್ನು ಹೋಲಿಸಬಯಸಿದವನು ಮೊದಲು ಕೇಳಬೇಕಾಗಿದ್ದ ಪ್ರಶ್ನೆ ‘ಯಾವ ಊರಿನ ಸೇರು?’ ಎಂಬುದು. ಸೇರು ಎಂಬ ಹೆಸರು ಒಂದೇ ಆದರೂ ಊರಿಂದೂರಿಗೆ ಅದರ ಗಾತ್ರ ಬೇರೆಯಾಗುತ್ತಿತ್ತು. ಷೇರು ಪೇಟೆಯ ಸೂಚಕಗಳನ್ನು ಓದುವವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಸೂಚಕದ ಹೆಸರು ಒಂದೇ ಇರುತ್ತದೆ. ಆದರೆ ಒಂದು ಷೇರಿನಿಂದ ಇನ್ನೊಂದಕ್ಕೆ, ಒಂದು ಕಾಲದಿಂದ ಇನ್ನೊಂದಕ್ಕೆ ಅದರ ಮಾನ ಬದಲಾಗುತ್ತದೆ.

ಎರಡು ಪ್ರಸಿದ್ಧ ದಿನಗಳನ್ನು ತೆಗೆದುಕೊಳ್ಳಬಹುದು. 1992ರ ಏಪ್ರಿಲ್ 28ರಂದು ಮುಂಬಯಿಯ ಸೆನ್ಸೆಕ್ಸ್ 570 ಅಂಶಗಳಷ್ಟು ಕುಸಿಯಿತು. 2020ರ ಮಾರ್ಚ್ 23ರಂದು ಅದೇ ಸೆನ್ಸೆಕ್ಸ್ 3,934 ಅಂಶಗಳಷ್ಟು ಕುಸಿಯಿತು. ಅಂಶಗಳನ್ನಷ್ಟೇ ನೋಡಿದರೆ ಎರಡನೆಯದು ಸುಮಾರು ಏಳು ಪಟ್ಟು ದೊಡ್ಡ ವಿಪತ್ತಿನಂತೆ ಕಾಣುತ್ತದೆ. ಶೇಕಡಾವಾರು ನೋಡಿದರೆ ಮೊದಲನೆಯದು ಸುಮಾರು 12.8, ಎರಡನೆಯದು ಸುಮಾರು 13.2, ಎರಡೂ ಹೆಚ್ಚುಕಡಿಮೆ ಸರಿಸಮ. ಆದುದರಿಂದ ಹೋಲಿಕೆಯ ಮೊದಲ ಮೆಟ್ಟಿಲು ರೂಪಾಯಿಯನ್ನೂ ಅಂಶವನ್ನೂ ಬಿಟ್ಟು ಶೇಕಡಾವಾರಿಗೆ ಬರುವುದು.

ಆದರೆ ಅಲ್ಲಿಗೇ ನಿಲ್ಲುವಂತಿಲ್ಲ. ಕೆಲವು ಷೇರುಗಳು ಸ್ವಭಾವತಃ ಶಾಂತವಾದವು, ಕೆಲವು ಚಂಚಲವಾದವು. ಶಾಂತ ಷೇರು ಶೇಕಡಾ 3ರಷ್ಟು ಏರಿದರೆ ಅದು ಸುದ್ದಿ. ಚಂಚಲ ಷೇರು ಶೇಕಡಾ 6ರಷ್ಟು ಏರಿದರೂ ಅದು ವಾಡಿಕೆ. ಕಠಿಣವಾಗಿ ಬೆಲೆಕಟ್ಟುವ ಪರೀಕ್ಷಕರಿಂದ ಬಂದ 70 ಅಂಕಗಳು ಉದಾರಿಗಳಿಂದ ಬಂದ 85ಕ್ಕಿಂತ ಹೆಚ್ಚಿನವಾಗಿರಬಹುದೆಂಬುದನ್ನು ಉಪಾಧ್ಯಾಯರೆಲ್ಲರೂ ಬಲ್ಲರು. ಪ್ರತಿಯೊಂದು ಷೇರನ್ನೂ ಅದರದೇ ಹಿಂದಿನ ನಡತೆಯೊಡನೆ ಹೋಲಿಸುವ ಮಾನಕ್ಕೆ ಝಡ್-ಅಂಕವೆಂದು ಹೆಸರು. ಅದರ ಸೂತ್ರ ಸರಳವಾದುದು:

z = (x − m) / s

ಇಲ್ಲಿ x ಎಂಬುದು ಇಂದಿನ ಸೂಚಕದ ಬೆಲೆ; m ಎಂಬುದು ಹಿಂದಿನ ಕೆಲವು ದಿನಗಳ ಸರಾಸರಿ; s ಎಂಬುದು ಆ ದಿನಗಳ ಮಾನಕ ವಿಚಲನೆ, ಅಂದರೆ ಬೆಲೆಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಸರಿಯುತ್ತವೆ ಎಂಬುದರ ಅಳತೆ.

ಉದಾಹರಣೆಗೆ, ಷೇರಿನ ಬೆಲೆಯು ತನ್ನ 20 ದಿನಗಳ ಸರಾಸರಿಗಿಂತ ಶೇಕಡಾ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎಂಬುದನ್ನೇ ಸೂಚಕವೆಂದಿಟ್ಟುಕೊಳ್ಳೋಣ. ವ್ಯವಹಾರದಲ್ಲಿ 60 ದಿನಗಳನ್ನೋ, ಒಂದು ವರ್ಷದ ವಹಿವಾಟಿಗೆ ಸಮನಾದ ಸುಮಾರು 250 ದಿನಗಳನ್ನೋ ಬಳಸುವುದುಂಟು. ಲೆಕ್ಕ ಸುಲಭವಾಗಲೆಂದು ಇಲ್ಲಿ ಐದೇ ದಿನಗಳನ್ನು ತೆಗೆದುಕೊಂಡಿದೆ. ಶಾಂತ ಸ್ವಭಾವದ ಕಲ್ಪಿತ ಬ್ಯಾಂಕ್ ಷೇರೊಂದರ ಹಿಂದಿನ ಐದು ಬೆಲೆಗಳು 1, −1, 0, 2, −2 ಎಂದಿರಲಿ. ಇವುಗಳ ಸರಾಸರಿ ಸೊನ್ನೆ. ಸರಾಸರಿಯಿಂದ ಇರುವ ಅಂತರಗಳ ವರ್ಗಗಳ ಮೊತ್ತ 10. ಅದನ್ನು 5ರಿಂದ ಭಾಗಿಸಿದರೆ 2. ಅದರ ವರ್ಗಮೂಲ 1.41. ಇಂದಿನ ಬೆಲೆ 3 ಆಗಿದ್ದರೆ ಝಡ್-ಅಂಕ 2.12. ಚಂಚಲವಾದ ಸಿಮೆಂಟ್ ಷೇರೊಂದರ ಬೆಲೆಗಳು 4, −2, 7, −5, 1 ಎಂದಿರಲಿ. ಸರಾಸರಿ 1, ವರ್ಗಗಳ ಮೊತ್ತ 90, ಭಾಗಿಸಿದರೆ 18, ವರ್ಗಮೂಲ 4.24. ಇಂದಿನ ಬೆಲೆ 6 ಆಗಿದ್ದರೂ ಅದರ ಝಡ್-ಅಂಕ 1.18 ಮಾತ್ರ. ನೋಟಕ್ಕೆ ಚಿಕ್ಕದಾದ 3, ಎರಡರಷ್ಟಿರುವ 6ಕ್ಕಿಂತ ಹೆಚ್ಚು ಅಪರೂಪದ್ದೆಂಬುದು ಹೀಗೆ ತಿಳಿದುಬರುತ್ತದೆ. ಕೆಲವರು 5ರ ಬದಲು 4ರಿಂದ ಭಾಗಿಸುವರು. ಆಗ ಈ ಅಂಕಗಳು 1.90 ಮತ್ತು 1.05 ಆಗುತ್ತವೆ, ಆದರೆ ಮೇಲುಕೀಳಿನ ಕ್ರಮ ಕೆಡುವುದಿಲ್ಲ. ಎಲ್ಲ ಷೇರುಗಳಿಗೂ ಒಂದೇ ಪದ್ಧತಿಯನ್ನು ಅನುಸರಿಸುವುದೇ ಮುಖ್ಯ.

ಈ ಲೆಕ್ಕದಲ್ಲಿ ಇಂದಿನ ಬೆಲೆಯನ್ನು ಸರಾಸರಿಯೊಳಗೆ ಸೇರಿಸಿಲ್ಲವೆಂಬುದು ಗಮನಿಸತಕ್ಕ ವಿಷಯ. ಬ್ಯಾಂಕ್ ಷೇರಿನ 3ನ್ನೂ ಸೇರಿಸಿ ಆರು ಬೆಲೆಗಳಿಂದ ಲೆಕ್ಕ ಹಾಕಿದರೆ ಸರಾಸರಿ 0.5ಕ್ಕೂ ವಿಚಲನೆ 1.71ಕ್ಕೂ ಏರಿ, ಝಡ್-ಅಂಕವು 1.46ಕ್ಕೆ ಇಳಿಯುತ್ತದೆ. ಅಳೆಯಬೇಕಾದ ವಸ್ತುವೇ ಅಳತೆಗೋಲನ್ನು ಬಗ್ಗಿಸಿದಂತಾಯಿತು. ಇದಕ್ಕಿಂತಲೂ ದೊಡ್ಡ ದೋಷವೆಂದರೆ ಮುಂದಿನ ದಿನಗಳನ್ನು ಸೇರಿಸುವುದು. 2020ರ ಇಡೀ ವರ್ಷದ ಸರಾಸರಿ ಮತ್ತು ವಿಚಲನೆಗಳಿಂದ ಆ ವರ್ಷದ ಫೆಬ್ರವರಿಯ ಬೆಲೆಗಳನ್ನು ಅಳೆದರೆ, ಮಾರ್ಚ್ ತಿಂಗಳ ಕುಸಿತವನ್ನು ಫೆಬ್ರವರಿಯಲ್ಲಿಯೇ ಅರಿತವನ ಲೆಕ್ಕವಾಗುತ್ತದೆ. ಹಿಂದಿನ ವರ್ಷಗಳ ಮೇಲೆ ಪರೀಕ್ಷಿಸಿದಾಗ ಅದ್ಭುತ ಫಲ ನೀಡಿದ ವಿಧಾನವು ನಿಜವಾದ ವ್ಯವಹಾರದಲ್ಲಿ ಸೋತರೆ, ಮೊದಲು ಈ ದೋಷವನ್ನೇ ಶಂಕಿಸಬೇಕು.

ಇನ್ನೊಂದು ತೊಡಕು ಬಿರುಗಾಳಿಯ ದಿನಗಳಿಂದ ಬರುತ್ತದೆ. ಅದೇ ಬ್ಯಾಂಕ್ ಷೇರಿನ ಐದನೆಯ ಬೆಲೆ −2ರ ಬದಲು −12 ಆಗಿತ್ತೆಂದು ಭಾವಿಸೋಣ. ಆಗ ಸರಾಸರಿ −2ಕ್ಕೆ ಇಳಿಯುತ್ತದೆ, ವಿಚಲನೆ 5.10ಕ್ಕೆ ಏರುತ್ತದೆ. ಇಂದಿನ 3ರ ಝಡ್-ಅಂಕ 2.12ರಿಂದ 0.98ಕ್ಕೆ ಕುಗ್ಗುತ್ತದೆ. ಒಂದೇ ದಿನದ ಕುಸಿತವು ಮುಂದಿನ ಎಲ್ಲ ಚಲನೆಗಳನ್ನೂ ಚಿಕ್ಕದಾಗಿ ತೋರಿಸುತ್ತದೆ. ಆ ದಿನವು ಲೆಕ್ಕದ ಅವಧಿಯಿಂದ ಹೊರಬಿದ್ದ ಕೂಡಲೇ, ಪೇಟೆಯಲ್ಲಿ ಏನೂ ನಡೆಯದಿದ್ದರೂ ಅಂಕವು ಥಟ್ಟನೆ ಜಿಗಿಯುತ್ತದೆ. ಇದನ್ನು ಕಂಡುಹಿಡಿಯುವ ದಾರಿ ಸುಲಭ. ಝಡ್-ಅಂಕದ ಪಕ್ಕದಲ್ಲಿ ವಿಚಲನೆಯನ್ನೂ ಬರೆದಿಡಬೇಕು. ಸೂಚಕವು ನಿಂತಲ್ಲೇ ಇದ್ದು ವಿಚಲನೆ ಮಾತ್ರ ಕುಸಿದಿದ್ದರೆ, ಆ ಜಿಗಿತವು ಪೇಟೆಯದಲ್ಲ, ಅಳತೆಯದು.

ಇದಕ್ಕೆ ಪರಿಹಾರವೂ ಉಂಟು. ಸರಾಸರಿಯ ಬದಲು ಮಧ್ಯಾಂಕವನ್ನು, ಎಂದರೆ ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆಯನ್ನು ಹಿಡಿಯುವುದು. −12, −1, 0, 1, 2 ಎಂಬಲ್ಲಿ ಅದು ಸೊನ್ನೆ. ಅದರಿಂದ ಪ್ರತಿಯೊಂದು ಬೆಲೆಗೂ ಇರುವ ಅಂತರಗಳು, ಚಿಹ್ನೆಯನ್ನು ಬಿಟ್ಟು, 0, 1, 1, 2, 12. ಇವುಗಳ ಮಧ್ಯಾಂಕ 1. ಮಾನಕ ವಿಚಲನೆಗೆ ಸಮವಾಗಿಸಲು ಇದನ್ನು 1.4826ರಿಂದ ಗುಣಿಸುವುದು ವಾಡಿಕೆ. ಆಗ ಇಂದಿನ 3ರ ಅಂಕ 3 / 1.48, ಅಂದರೆ 2.02. ಬಿರುಗಾಳಿಯಿಲ್ಲದಿದ್ದಾಗ ಬಂದ 2.12ಕ್ಕೆ ಇದು ಬಹಳ ಸಮೀಪ.

ಕೊನೆಯದಾಗಿ ಈ ಅಂಕದ ಎಲ್ಲೆಯನ್ನು ಅರಿತಿರಬೇಕು. ಗಂಟೆಯಾಕಾರದ ವಿತರಣೆಯಲ್ಲಿ ಮೂರನ್ನು ಮೀರಿದ ಅಂಕವು, ಮೇಲಕ್ಕಾಗಲಿ ಕೆಳಕ್ಕಾಗಲಿ, ಸಾವಿರ ದಿನಗಳಲ್ಲಿ ಸುಮಾರು ಮೂರು ಸಲ ಮಾತ್ರ ಕಾಣಬೇಕು. ಷೇರು ಬೆಲೆಗಳು ಆ ಆಕಾರಕ್ಕೆ ಒಳಪಡದೆ ಅದಕ್ಕಿಂತ ಹೆಚ್ಚು ಸಲ ಮೂರನ್ನು ದಾಟುತ್ತವೆ. ಆದುದರಿಂದ ‘3 ಬಂದಿದೆ, ಇನ್ನು ಇಳಿಯಲೇಬೇಕು’ ಎಂಬ ತರ್ಕ ಸಲ್ಲದು; ಏರುಗತಿಯಲ್ಲಿರುವ ಷೇರಿನ ಅಂಕವು ಅನೇಕ ದಿನ 2ರ ಆಸುಪಾಸಿನಲ್ಲಿಯೇ ನಿಲ್ಲುವುದುಂಟು. ಷೇರು ವಿಭಜನೆಯಾದಾಗ ಹಳೆಯ ಬೆಲೆಗಳನ್ನು ಸರಿಹೊಂದಿಸದಿದ್ದರೆ, ಒಂದೇ ದಿನದಲ್ಲಿ ಬೆಲೆ ಅರ್ಧವಾದಂತೆ ತೋರಿ ಇಡೀ ಲೆಕ್ಕವೇ ಹುಸಿಯಾಗುತ್ತದೆ. ಇಂದಿನ ಬೆಲೆ ತನ್ನ ವಾಡಿಕೆಯಿಂದ ಎಷ್ಟು ದೂರ ಸರಿದಿದೆ ಎಂಬುದನ್ನಷ್ಟೇ ಝಡ್-ಅಂಕ ಹೇಳುತ್ತದೆ. ಏಕೆ ಸರಿಯಿತು, ಮರಳಿ ಬರುವುದೋ ಇಲ್ಲವೋ ಎಂಬುದನ್ನು ಕಂಪನಿಯ ಲೆಕ್ಕಪತ್ರಗಳಲ್ಲಿಯೂ ಪೇಟೆಯ ಸುದ್ದಿಯಲ್ಲಿಯೂ ಅರಸಬೇಕಾಗುತ್ತದೆ.