ಫೆಲೋಶಿಪ್ ಯಾರ ಹೆಸರಿನಲ್ಲಿದೆ, ಮೊದಲು ನೋಡಿ

ಕರುಮತ್ತಂಪಟ್ಟಿಯ ಸುತ್ತಲಿನ ಕನ್ನಡದ ಮನೆಗಳಲ್ಲಿ ಭೌತಶಾಸ್ತ್ರ, ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿದ ಮಕ್ಕಳಿಗೆ ಒಂದು ಮಾತು. ಬೆಂಗಳೂರಿನಲ್ಲೋ ಚೆನ್ನೈನಲ್ಲೋ ‘ಜೆಆರ್‌ಎಫ್ ಸಿಕ್ಕಿತು’ ಎಂದರೆ, ಯಾವ ಜೆಆರ್‌ಎಫ್ ಎಂದು ಕೇಳಿ.

ಸಿಎಸ್‌ಐಆರ್-ಯುಜಿಸಿ ನೆಟ್ ಬರೆದು ಗಳಿಸಿದ್ದು ನಿಮ್ಮ ಹೆಸರಿನ ಹಣ. 2023ರಲ್ಲಿ ಪರಿಷ್ಕರಿಸಿದ ದರದಂತೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಪ್ರಗತಿ ಸರಿಯಿದ್ದರೆ ಮುಂದಿನ ಮೂರು ವರ್ಷ 42,000. ಮನೆಬಾಡಿಗೆ ಭತ್ಯೆ ಬಿಟ್ಟು ಐದು ವರ್ಷಕ್ಕೆ 24 ಲಕ್ಷ. ಪ್ರಾಜೆಕ್ಟ್ ಜೆಆರ್‌ಎಫ್ ಹಾಗಲ್ಲ. ಅದರ ಹಣ ಪ್ರಾಧ್ಯಾಪಕರ ಯೋಜನೆಯದು. ಯೋಜನೆ ಮುಗಿದ ದಿನ ನಿಮ್ಮ ಸಂಬಳವೂ ನಿಲ್ಲುತ್ತದೆ, ಪಿಎಚ್‌ಡಿ ಅರ್ಧದಲ್ಲಿದ್ದರೂ. ಸೇರುವ ಮುನ್ನ ಎರಡು ಪ್ರಶ್ನೆ ಕೇಳಿ: ಯೋಜನೆಗೆ ಇನ್ನೆಷ್ಟು ತಿಂಗಳು ಉಳಿದಿದೆ? ಪಿಎಚ್‌ಡಿ ನೋಂದಣಿ ಆಗುತ್ತದೆಯೇ?

ನೆಟ್ ಫಲಿತಾಂಶದಲ್ಲೂ ಎಚ್ಚರವಿರಲಿ. 2024ರಿಂದ ಅರ್ಹತೆಯಲ್ಲಿ ಮೂರು ವರ್ಗಗಳಿವೆ. ಫೆಲೋಶಿಪ್ ಇರುವುದು ಮೊದಲನೆಯದರಲ್ಲಿ ಮಾತ್ರ. ಉಳಿದೆರಡು ಪಿಎಚ್‌ಡಿ ಪ್ರವೇಶಕ್ಕೆ ನೆರವಾಗುತ್ತವೆ, ಖರ್ಚಿಗೆ ಹಣ ಕೊಡುವುದಿಲ್ಲ.

ಫೆಲೋಶಿಪ್ ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಖಾತೆಗೆ ಬರುತ್ತದೆ. ಪಿಎಚ್‌ಡಿ ಐದು ವರ್ಷ ದಾಟುವುದೂ ಉಂಟು. ಆಮೇಲೆ ಎರಡು-ಮೂರು ವರ್ಷಗಳ ಪೋಸ್ಟ್‌ಡಾಕ್ ಹುದ್ದೆಗಳು, ಒಂದು ಮುಗಿದರೆ ಇನ್ನೊಂದು ಊರು. ಕಾಯಂ ಕೆಲಸ ಸಿಗುವಷ್ಟರಲ್ಲಿ ವಯಸ್ಸು ಮೂವತ್ತು ದಾಟಿರುತ್ತದೆ, ಸಿಕ್ಕೇ ಸಿಗುತ್ತದೆಂಬ ಖಾತ್ರಿಯೂ ಇಲ್ಲ. ಈ ಲೆಕ್ಕವನ್ನು ಸೇರುವ ಮೊದಲೇ ಅಪ್ಪ ಅಮ್ಮನ ಮುಂದೆ ಬಿಡಿಸಿ ಹೇಳಿ. ಆರು ತಿಂಗಳ ಖರ್ಚಿನ ಹಣ ಕೈಯಲ್ಲಿಟ್ಟುಕೊಂಡೇ ಹೊರಡಿ.