ಮೂಡಲಪಾಯದ ಸಾರಥಿ: ಹಾಸ್ಯದ ನೆಲೆ ಮತ್ತು ಸಭೆಯ ಮೌನ

ರಂಗಪಠ್ಯದಲ್ಲಿ ಹಾಸ್ಯವನ್ನು ಎಲ್ಲಿ ಇಡಬೇಕು, ಇಟ್ಟ ಹಾಸ್ಯಕ್ಕೆ ಸಭೆ ನಗದಿದ್ದರೆ ಪಾತ್ರಧಾರಿ ಏನು ಮಾಡಬೇಕು ಎಂಬ ಎರಡು ಪ್ರಶ್ನೆಗಳನ್ನು ಸಾಮಾನ್ಯವಾಗಿ ಬೇರೆಬೇರೆಯಾಗಿ ನೋಡಲಾಗುತ್ತದೆ. ಮೊದಲನೆಯದು ಕೃತಿಕಾರನದು, ಎರಡನೆಯದು ನಟನದು ಎಂಬುದು ನಮ್ಮ ತಿಳಿವಳಿಕೆ. ಮಂಡ್ಯ ಸೀಮೆಯ ಮೂಡಲಪಾಯ ಬಯಲಾಟವನ್ನು ಗಮನಿಸಿದರೆ ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳೆಂದು ಕಾಣುತ್ತದೆ. ಹಾಸ್ಯವನ್ನು ಇಟ್ಟ ಜಾಗದಲ್ಲಿಯೇ ಚೇತರಿಕೆಯ ದಾರಿಯೂ ಅಡಗಿರುತ್ತದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೂಡಲಪಾಯದಲ್ಲಿ ಪಾತ್ರವು ರಂಗಕ್ಕೆ ಬಂದೊಡನೆ ಸಾರಥಿ ಅದನ್ನು ಎದುರುಗೊಂಡು ಹೆಸರು, ಊರು, ಬಂದ ಕಾರ್ಯಗಳನ್ನು ವಿಚಾರಿಸುತ್ತಾನೆ. ಕೆಲವು ಮೇಳಗಳಲ್ಲಿ ನಗಿಸುವ ಹೊಣೆ ಹನುಮನಾಯಕನದು. ಸಾರಥಿಯ ಮೊದಲ ಕೆಲಸ ನಗಿಸುವುದಲ್ಲ. ಪಾತ್ರವನ್ನು ಸಭೆಗೆ ಪರಿಚಯಿಸುವುದು. ಹಾಸ್ಯ ಹುಟ್ಟುವುದು ಈ ವಿಚಾರಣೆಯ ಸಂದುಗಳಲ್ಲಿ. ಅದು ಬಹುಮಟ್ಟಿಗೆ ಪ್ರಸಂಗದ ಬರೆಹದಲ್ಲಿ ಇರುವುದಿಲ್ಲ, ಆಯಾ ರಾತ್ರಿಯ ಆಶುಮಾತಾಗಿ ಬರುತ್ತದೆ. ಆದ್ದರಿಂದ ನಗು ಬಾರದಿದ್ದರೂ ವಿಚಾರಣೆ ನಿಲ್ಲುವುದಿಲ್ಲ. ‘ಸದಾರಮೆ’ಯ ಕಳ್ಳನ ಪಾತ್ರದಿಂದ ಗುಬ್ಬಿ ವೀರಣ್ಣನವರು ಪಡೆದ ಪ್ರಸಿದ್ಧಿಯಲ್ಲಿಯೂ ಇದೇ ತತ್ತ್ವವಿದೆ: ಅಲ್ಲಿ ಕಳ್ಳನಿಗೆ ಕಥೆಯೊಳಗೆ ತನ್ನದೇ ಕೆಲಸವುಂಟು.

ಒಂದು ಪ್ರಯೋಗವನ್ನು ವಿವರವಾಗಿ ನೋಡಬಹುದು. ಹವ್ಯಾಸಿ ತಂಡವೊಂದಕ್ಕೆ ಭೀಮನ ಪ್ರವೇಶದ ಸಂಭಾಷಣೆಯನ್ನು ನಾನು ಬರೆದುಕೊಟ್ಟಿದ್ದೆ. ಬಕಾಸುರನಿಗೆಂದು ಒಯ್ದ ಬಂಡಿ ಅನ್ನವನ್ನು ಭೀಮನೇ ತಿಂದ ವಿಷಯ ಅದು.

ಸಾರಥಿ: ಬಂಡಿ ಅನ್ನ ಉಣ್ಣಕ್ಕೆ ಎಷ್ಟು ಹೊತ್ತು ಹಿಡೀತು ಒಡೆಯಾ?
ಭೀಮ: ಮದ್ದೂರಿನಲ್ಲಿ ರೈಲು ನಿಂತು ಹೊರಡುವಷ್ಟು ಹೊತ್ತು.
ಸಾರಥಿ: ಹಂಗಾರೆ ವಡೆ ತಿನ್ನಕೆ ಪುರಸೊತ್ತಾಗಿಲ್ಲ ಬುಡಿ!

ಮದ್ದೂರಿನಲ್ಲಿ ಕೊನೆಯ ಮಾತು ಮುಗಿಯುವ ಮೊದಲೇ ನಗು ಬಂದಿತು. ಮಂಡ್ಯದಲ್ಲಿ ತುಸು ತಡವಾಗಿ ಬಂದಿತು. ಮಳವಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಸಭೆ ಸುಮ್ಮನಿತ್ತು. ಮಂಡ್ಯ, ಮದ್ದೂರುಗಳು ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲಿವೆ, ಮಳವಳ್ಳಿಗೆ ರೈಲಿಲ್ಲ. ಮದ್ದೂರು ವಡೆ ಅಲ್ಲಿಯವರಿಗೂ ಗೊತ್ತು. ಆದರೆ ರೈಲು ಹೊರಟೀತೆಂಬ ಅವಸರದಲ್ಲಿ ವಡೆ ಕೊಳ್ಳುವ ಅನುಭವ ಅವರ ದಿನನಿತ್ಯದ್ದಲ್ಲ. ನಗೆಯ ತಿರುಳು ವಡೆಯಲ್ಲಿರದೆ ಆ ಅವಸರದಲ್ಲಿತ್ತು. ಅದನ್ನು ಕಟ್ಟಿಕೊಡುವ ಒಂದು ಮಾತು ಮೊದಲೇ ಇರಬೇಕಿತ್ತು. ಅದನ್ನು ಬರೆಯದಿದ್ದುದು ನನ್ನ ದೋಷ.

ಆ ರಾತ್ರಿ ಸಾರಥಿಯ ಪಾತ್ರಧಾರಿ ಅದೇ ಮಾತನ್ನು ಮತ್ತೆ ಹೇಳಿದರು, ಬಳಿಕ ಅರ್ಥ ಬಿಡಿಸಿದರು. ಮೌನ ಇನ್ನಷ್ಟು ಗಟ್ಟಿಯಾಯಿತು. ಆಗ ಅನುಭವಿಗಳಾದ ಭಾಗವತರು ತಾಳ ತಟ್ಟಿ, “ಸಾರಥಿ, ವಡೆ ಆರಿಹೋಯ್ತು, ಬಂದ ಕಾರ್ಯ ಕೇಳಯ್ಯ” ಎಂದರು. ಸಭೆ ನಕ್ಕಿತು. ಸಾರಥಿ “ಬಂದ ಕಾರ್ಯವೇನು ಒಡೆಯಾ?” ಎಂದು ಮುಂದುವರಿದರು. ಭಾಗವತರು ಇಲ್ಲಿ ಎರಡು ಕೆಲಸ ಮಾಡಿದ್ದಾರೆ. ಸೋಲನ್ನು ಸಭೆಯ ಮೇಲೆ ಹೊರಿಸದೆ ಮೇಳದೊಳಗೇ ಒಪ್ಪಿಕೊಂಡಿದ್ದಾರೆ; ಒಪ್ಪಿದ ಮರುಕ್ಷಣವೇ ಸಾರಥಿಯನ್ನು ಅವನ ಮೂಲ ಕೆಲಸಕ್ಕೆ ಮರಳಿಸಿದ್ದಾರೆ. ಎರಡನೆಯದು ಸಾಧ್ಯವಾದದ್ದು ಮುಂದಿನ ಪ್ರಶ್ನೆ ನಗುವನ್ನು ಅವಲಂಬಿಸಿರಲಿಲ್ಲವಾದ್ದರಿಂದ. ಭೀಮನ ಮುಂದಿನ ಮಾತು “ಏಕೆ ನಗುವಿರಿ?” ಎಂದಿದ್ದರೆ ಮರಳುವ ದಾರಿಯೇ ಇರುತ್ತಿರಲಿಲ್ಲ.

ಎಲ್ಲ ಮೌನವೂ ಒಂದೇ ಬಗೆಯದಲ್ಲ. ಮುಂದಿನ ಸಾಲು ನಕ್ಕು ಹಿಂದಿನ ಸಾಲು ಸುಮ್ಮನಿದ್ದರೆ ಮಾತು ಕೇಳಿಸಿಲ್ಲವೆಂದು ತಿಳಿಯಬೇಕು. ಆಗ ಮಾತ್ರ ಅದನ್ನು ಪುನರುಚ್ಚರಿಸುವುದು ಸರಿ. ಅದನ್ನೂ ಎದುರುಪಾತ್ರ ಪ್ರಶ್ನೆಯ ರೂಪದಲ್ಲಿ ಹೇಳಿದರೆ ಸಹಜವಾಗಿರುತ್ತದೆ. ಕಣ್ಣುಗಳು ರಂಗದ ಮೇಲೆಯೇ ನೆಟ್ಟಿದ್ದರೆ ಮಾತು ಅರ್ಥವಾಗಿಲ್ಲ. ವಿವರಿಸದೆ ಮುಂದೆ ಸಾಗಬೇಕು. ಜನರು ತಲೆ ತಗ್ಗಿಸಿದರೆ ಅಥವಾ ಪಕ್ಕದವರ ಮುಖ ನೋಡಿದರೆ ಮಾತು ಯಾರನ್ನೋ ನೋಯಿಸಿದೆ. ಅಲ್ಲಿ ಚೇಷ್ಟೆಯಿಂದ ಚೇತರಿಕೆ ಸಾಧ್ಯವಿಲ್ಲ. ಭಾಗವತರು ಪದ ಎತ್ತಿಕೊಳ್ಳುವುದೇ ಲೇಸು.

ಸೋಲನ್ನೇ ನಗೆಯಾಗಿಸುವ ಭಾಗವತರ ಉಪಾಯಕ್ಕೂ ಮಿತಿಯಿದೆ. ಒಂದು ರಾತ್ರಿಯಲ್ಲಿ ಅದು ಒಮ್ಮೆ ಒಪ್ಪುತ್ತದೆ. ಮತ್ತೆಮತ್ತೆ ಬಳಸಿದರೆ ಮೇಳಕ್ಕೆ ಸಿದ್ಧತೆಯಿಲ್ಲವೆಂಬ ಭಾವನೆ ಮೂಡುತ್ತದೆ. ಶೋಕದ ಸನ್ನಿವೇಶದ ಅಂಚಿನಲ್ಲಿ ಅದು ಸಲ್ಲದು. ಅಭಿಮನ್ಯುವಿನ ಮರಣದ ಬಳಿಕ ಸಭೆಯ ಮೌನವೇ ರಂಗದ ಗೆಲುವು.

ಬಯಲಾಟದ ಪಠ್ಯಗಳನ್ನು ಸಂಪಾದಿಸುವವರು ಸಾರಥಿಯ ಆಶುಮಾತುಗಳನ್ನು ಪ್ರಕ್ಷಿಪ್ತವೆಂದು ಕೈಬಿಡುವುದುಂಟು. ಉಳಿಸಿಕೊಂಡರೂ ನಗೆಮಾತನ್ನು ಮಾತ್ರ ದಾಖಲಿಸುತ್ತಾರೆ. ನಗೆಮಾತಿನ ಹಿಂದಿನ ಪ್ರಶ್ನೆ, ಮುಂದಿನ ಪ್ರಶ್ನೆ, ಆಟವಾಡಿದ ಊರು, ಸಭೆ ನಕ್ಕಿತೇ ಇಲ್ಲವೇ ಎಂಬ ನಾಲ್ಕು ಸಂಗತಿಗಳನ್ನೂ ಜೊತೆಗೆ ಗುರುತಿಸಿದಾಗ ಮಾತ್ರ ಆ ಹಾಸ್ಯದ ರಚನೆ ಅಧ್ಯಯನಕ್ಕೆ ದೊರಕುತ್ತದೆ.